ಊಟದ ಲೆಕ್ಕ, ತೂಕದ ಗೆರೆ: ನಿಮ್ಮದೇ ಕ್ಯಾಲೊರಿ ಶೀಟ್ ಕಟ್ಟಿಕೊಳ್ಳುವುದು ಹೇಗೆ

"ದಿನಾ ತಿಂದದ್ದೆಲ್ಲ ಬರೆಯುತ್ತಿದ್ದೇನೆ, ಗುರಿಯೊಳಗೇ ಇದ್ದೇನೆ, ಆದರೂ ತೂಕ ಇಳಿಯುತ್ತಿಲ್ಲ. ಲೆಕ್ಕ ಎಲ್ಲಿ ತಪ್ಪಿದೆ?" ಈ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಉತ್ತರ ಸಾಮಾನ್ಯವಾಗಿ ಅವರ ದಾಖಲೆಯೊಳಗೇ ಇರುತ್ತದೆ. ಊಟದ ಲೆಕ್ಕ ಒಂದು ಕಡೆ, ತೂಕದ ಲೆಕ್ಕ ಇನ್ನೊಂದು ಕಡೆ ಬಿದ್ದಿರುವುದರಿಂದ ಅದು ಕಾಣಿಸುವುದಿಲ್ಲ, ಅಷ್ಟೇ. ಎರಡನ್ನೂ ಒಂದೇ ಸ್ಪ್ರೆಡ್‌ಶೀಟ್‌ನಲ್ಲಿ ಜೋಡಿಸಿ, ನಿಮ್ಮ ದೇಹಕ್ಕೆ ದಿನಕ್ಕೆ ನಿಜವಾಗಿ ಎಷ್ಟು ಕ್ಯಾಲೊರಿ ಖರ್ಚಾಗುತ್ತದೆ ಎಂದು ತಿಳಿಯುವ ದಾರಿಯನ್ನು ಇಲ್ಲಿ ಹೇಳುತ್ತೇನೆ.

ಮೊದಲೇ ಒಂದು ಎಚ್ಚರಿಕೆ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18 ವರ್ಷದೊಳಗಿನವರು, ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಲ್ಲಿನ ಗುರಿಗಳನ್ನು ಹಾಕಿಕೊಳ್ಳಬೇಡಿ. ಊಟದ ಬಗ್ಗೆ ಅತಿಯಾದ ಭಯ ಅಥವಾ ಹಟ ಹಿಂದೆ ಯಾವಾಗಲಾದರೂ ಕಾಡಿದ್ದರೆ, ಅಂಥವರಿಗೆ ಪ್ರತಿ ತುತ್ತನ್ನೂ ಲೆಕ್ಕ ಹಾಕುವುದು ಒಳ್ಳೆಯದಲ್ಲ.

ಏನೇನು ಬೇಕು

ಒಂದು ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆಯ ತೂಕದ ಯಂತ್ರ, 100 ಗ್ರಾಂ ವ್ಯತ್ಯಾಸ ತೋರಿಸುವ ದೇಹದ ತೂಕದ ಯಂತ್ರ, ಮತ್ತು ಎಕ್ಸೆಲ್, ಗೂಗಲ್ ಶೀಟ್ಸ್ ಅಥವಾ ಲಿಬ್ರೆಆಫೀಸ್‌ನಲ್ಲಿ ಯಾವುದಾದರೂ ಒಂದು. ಹೊಸ ಫೈಲ್ ತೆರೆದು ಅದರಲ್ಲಿ ನಾಲ್ಕು ಶೀಟ್ ಮಾಡಿ. ಹೆಸರು `Food`, `Log`, `Day`, `Week` ಎಂದಿಡಿ. ಕೆಳಗಿನ ಸೂತ್ರಗಳೆಲ್ಲ ಈ ಹೆಸರುಗಳನ್ನೇ ಬಳಸುತ್ತವೆ. ಪ್ರತಿ ಶೀಟ್‌ನಲ್ಲೂ ಮೊದಲ ಸಾಲು ತಲೆಬರಹಕ್ಕೆ, ಎರಡನೇ ಸಾಲಿನಿಂದ ಮಾಹಿತಿ. ಕೆಲವು ಕಂಪ್ಯೂಟರುಗಳಲ್ಲಿ ಸೂತ್ರದೊಳಗೆ ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕಬೇಕಾಗುತ್ತದೆ. ಲಿಬ್ರೆಆಫೀಸ್‌ನಲ್ಲಿ ಶೀಟ್ ಹೆಸರಿನ ನಂತರದ `!` ಬದಲು ಚುಕ್ಕಿ ಹಾಕಬೇಕು, `Food!B:B` ಎಂಬುದು `Food.B:B` ಆಗುತ್ತದೆ. ಸೂತ್ರ ಬರೆದ ಕೂಡಲೇ ದೋಷ ಬಂದರೆ ಮೊದಲು ಇವೆರಡನ್ನು ನೋಡಿ.

ಹಂತ 1: ಆಹಾರದ ಕೋಷ್ಟಕ

`Food` ಶೀಟ್‌ನಲ್ಲಿ `A` ಕಾಲಂಗೆ ಆಹಾರದ ಹೆಸರು, `B`ಗೆ ಕ್ಯಾಲೊರಿ, `C`ಗೆ ಪ್ರೊಟೀನ್, `D`ಗೆ ಕಾರ್ಬೊಹೈಡ್ರೇಟ್, `E`ಗೆ ಕೊಬ್ಬು. ಎಲ್ಲವೂ 100 ಗ್ರಾಂಗೆ ಎಷ್ಟು ಎಂಬ ಲೆಕ್ಕದಲ್ಲೇ ಇರಲಿ. "ಒಂದು ಬಟ್ಟಲಿಗೆ", "ಒಂದು ಹಣ್ಣಿಗೆ" ಎಂಬ ಅಳತೆಗಳನ್ನು ಇಲ್ಲಿ ಬೆರೆಸಿದರೆ ಮುಂದೆ ಯಾವ ಸೂತ್ರವೂ ಸರಿಯಾಗಿ ಓಡುವುದಿಲ್ಲ.

ಅಂಕಿಗಳನ್ನು ಪೊಟ್ಟಣದ ಮೇಲಿನ ಚೀಟಿಯಿಂದ ಅಥವಾ ಸರ್ಕಾರಿ ಸಂಸ್ಥೆಗಳು ಪ್ರಕಟಿಸುವ ಆಹಾರ ಸಂಯೋಜನೆಯ ಪಟ್ಟಿಗಳಿಂದ ತೆಗೆದುಕೊಳ್ಳಿ. ನೂರಾರು ಆಹಾರ ತುಂಬುವುದು ಬೇಡ. ನೀವು ವಾರವಿಡೀ ತಿನ್ನುವ ಮೂವತ್ತು ನಲವತ್ತು ಪದಾರ್ಥ ಸಾಕು. ಹೊಸದು ತಿಂದ ದಿನ ಹೊಸ ಸಾಲು ಸೇರಿಸಿದರಾಯಿತು.

ಈ ಕೋಷ್ಟಕದಲ್ಲಿ ಎರಡು ತಪ್ಪುಗಳು ತುಂಬಾ ಸಾಮಾನ್ಯ. ಒಂದು, ಹಸಿ ಮತ್ತು ಬೇಯಿಸಿದ್ದನ್ನು ಬೆರೆಸುವುದು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 360 ಕ್ಯಾಲೊರಿ ಇದೆ, 100 ಗ್ರಾಂ ಅನ್ನದಲ್ಲಿ ಸುಮಾರು 130. ಬೆಂದಾಗ ನೀರು ಸೇರಿ ತೂಕ ಏರುತ್ತದೆ, ಕ್ಯಾಲೊರಿ ಏರುವುದಿಲ್ಲ. ಅನ್ನವನ್ನು ತೂಗಿ ಅಕ್ಕಿಯ ಸಾಲಿನಲ್ಲಿ ಲೆಕ್ಕ ಹಾಕಿದರೆ ಅಂಕಿ ಹೆಚ್ಚುಕಮ್ಮಿ ಮೂರು ಪಟ್ಟಾಗುತ್ತದೆ. ಅಕ್ಕಿ ತೂಗಿ ಅನ್ನದ ಸಾಲಿಗೆ ಹಾಕಿದರೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಹೆಸರಿನಲ್ಲೇ "ಬೇಳೆ ಹಸಿ", "ಬೇಳೆ ಬೇಯಿಸಿದ್ದು" ಎಂದು ಬರೆದುಬಿಡಿ.

ಎರಡು, ಕಿಲೊಜೌಲ್ ಅಂಕಿಯನ್ನು ಕ್ಯಾಲೊರಿ ಎಂದುಕೊಳ್ಳುವುದು. ನಾವು ಮಾತಿನಲ್ಲಿ ಕ್ಯಾಲೊರಿ ಎನ್ನುವುದು ನಿಜವಾಗಿ ಕಿಲೊಕ್ಯಾಲೊರಿ. ಒಂದು ಕಿಲೊಕ್ಯಾಲೊರಿ ಎಂದರೆ 4.184 ಕಿಲೊಜೌಲ್. ಕೆಲವು ಪಟ್ಟಿಗಳು, ಕೆಲವು ಪೊಟ್ಟಣಗಳು ಕಿಲೊಜೌಲ್ ಅನ್ನೇ ಮುಂದೆ ತೋರಿಸುತ್ತವೆ. ಪತ್ತೆ ಹಚ್ಚುವುದು ಸುಲಭ. ಒಂದು ಗ್ರಾಂ ಪ್ರೊಟೀನ್‌ಗೆ 4, ಕಾರ್ಬೊಹೈಡ್ರೇಟ್‌ಗೆ 4, ಕೊಬ್ಬಿಗೆ 9 ಕ್ಯಾಲೊರಿ ಎಂಬುದು ಬಳಕೆಯಲ್ಲಿರುವ ಲೆಕ್ಕ. ಅದನ್ನು `F` ಕಾಲಂನಲ್ಲಿ ಹಾಕಿ:

```
=4*C2+4*D2+9*E2
```

ಇದು `B`ಯಲ್ಲಿರುವ ಅಂಕಿಗೆ ಹತ್ತಿರ ಬರಬೇಕು. ನಾರಿನಂಶ ಜಾಸ್ತಿ ಇರುವ ಕಾಳು, ತರಕಾರಿಗಳಲ್ಲಿ ಸ್ವಲ್ಪ ದೂರ ಸರಿಯುತ್ತದೆ, ಅದು ಸಹಜ. ಆದರೆ `B` ನಾಲ್ಕು ಪಟ್ಟು ಇದ್ದರೆ ಅದು ಕಿಲೊಜೌಲ್. ಅಪ್ಪಟ ಎಣ್ಣೆಯಲ್ಲೂ 100 ಗ್ರಾಂಗೆ 900ಕ್ಕಿಂತ ಹೆಚ್ಚು ಕ್ಯಾಲೊರಿ ಇರುವುದಿಲ್ಲ. ಹಾಗಾಗಿ ಅದನ್ನು ಮೀರಿದ ಯಾವ ಅಂಕಿ ಕಂಡರೂ ತಪ್ಪು ಎಂದೇ ತಿಳಿಯಿರಿ.

ಹಂತ 2: ಮನೆಯ ಅಡುಗೆಯನ್ನು ಕೋಷ್ಟಕಕ್ಕೆ ಸೇರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಪಾತ್ರೆಯಲ್ಲಿ ಬೆಂದ ಅಡುಗೆಗೆ ಪಟ್ಟಿಯಲ್ಲಿ ಸಾಲು ಇರುವುದಿಲ್ಲ. ಇದ್ದರೂ ಅದು ನಿಮ್ಮ ಅಡುಗೆಯಲ್ಲ. ಆದ್ದರಿಂದ ನೀವೇ ಒಂದು ಸಾಲು ತಯಾರಿಸಿ.

ಖಾಲಿ ಪಾತ್ರೆಯನ್ನು ತೂಗಿ ಬರೆದಿಟ್ಟುಕೊಳ್ಳಿ. ಪದಾರ್ಥಗಳನ್ನು ಹಸಿಯಾಗಿ ತೂಗುತ್ತಾ ಹಾಕಿ. ಉದಾಹರಣೆಗೆ ಬೇಳೆಯ ಒಂದು ಅಡುಗೆ ನೋಡೋಣ. ಹಸಿ ಬೇಳೆ 200 ಗ್ರಾಂ, 100 ಗ್ರಾಂಗೆ 352ರಂತೆ 704 ಕ್ಯಾಲೊರಿ. ಎಣ್ಣೆ 20 ಗ್ರಾಂ, 884ರಂತೆ 177. ಈರುಳ್ಳಿ 150 ಗ್ರಾಂ, 40ರಂತೆ 60. ಒಟ್ಟು 941. ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. ಅಡುಗೆ 1150 ಗ್ರಾಂ ಬಂತು ಎನ್ನೋಣ. 941ನ್ನು 1150ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 82. ಇದೇ ನಿಮ್ಮ ಹೊಸ ಸಾಲಿನ ಕ್ಯಾಲೊರಿ. ತಟ್ಟೆಗೆ 250 ಗ್ರಾಂ ಹಾಕಿಕೊಂಡರೆ 205 ಕ್ಯಾಲೊರಿ. ಪ್ರೊಟೀನ್, ಕಾರ್ಬೊಹೈಡ್ರೇಟ್, ಕೊಬ್ಬನ್ನೂ ಹೀಗೇ ಕೂಡಿ ಭಾಗಿಸಿ.

ಗಮನಿಸಿ, ನೀರಿನ ಪ್ರಮಾಣ ಬದಲಾದರೆ ಈ ಅಂಕಿಯೂ ಬದಲಾಗುತ್ತದೆ. ಅದೇ ಅಡುಗೆ ಇನ್ನಷ್ಟು ಬತ್ತಿ 950 ಗ್ರಾಂ ಆದರೆ 100 ಗ್ರಾಂಗೆ 99 ಆಗುತ್ತದೆ. ಪ್ರತಿ ಸಲ ಲೆಕ್ಕ ಮಾಡುವುದು ಬೇಜಾರು, ನಿಜ. ಪದೇ ಪದೇ ಮಾಡುವ ಅಡುಗೆಯನ್ನು ಎರಡು ಮೂರು ಸಲ ತೂಗಿ ಸರಾಸರಿ ಇಟ್ಟುಕೊಳ್ಳಿ. ಆದರೆ ಎಣ್ಣೆ, ತುಪ್ಪ, ಬೆಣ್ಣೆಯನ್ನು ಮಾತ್ರ ಪ್ರತಿ ಸಲವೂ ತೂಗಿಯೇ ಹಾಕಿ. ಒಂದು ಕಡೆ ಮಾತ್ರ ನಿಖರವಾಗಿರಲು ಸಮಯವಿದೆ ಎಂದಾದರೆ, ಆ ಸಮಯ ಎಣ್ಣೆಗೇ ಹೋಗಲಿ. ಕಣ್ಣಳತೆಯಲ್ಲಿ ಹತ್ತು ಗ್ರಾಂ ಎಣ್ಣೆ ಹೆಚ್ಚು ಬಿದ್ದರೆ ಗೊತ್ತೇ ಆಗುವುದಿಲ್ಲ. ಅದರಲ್ಲೇ 88 ಕ್ಯಾಲೊರಿ ಇರುತ್ತದೆ.

ಹಂತ 3: ದಿನದ ಊಟ ಬರೆಯುವುದು

`Log` ಶೀಟ್‌ನಲ್ಲಿ `A` ದಿನಾಂಕ, `B` ಆಹಾರ, `C` ಗ್ರಾಂ. ಈ ಮೂರನ್ನು ಮಾತ್ರ ನೀವು ತುಂಬುತ್ತೀರಿ. `D`ಯಲ್ಲಿ ಕ್ಯಾಲೊರಿ ತಾನಾಗಿ ಬರಲಿ:

```
=IF(B2="","",INDEX(Food!B:B,MATCH(B2,Food!A:A,0))*C2/100)
```

ಇದರಲ್ಲಿ `MATCH` ಆಹಾರದ ಹೆಸರು ಎಷ್ಟನೇ ಸಾಲಿನಲ್ಲಿದೆ ಎಂದು ಹುಡುಕುತ್ತದೆ. `INDEX` ಆ ಸಾಲಿನ ಅಂಕಿಯನ್ನು ತಂದುಕೊಡುತ್ತದೆ. ಕೊನೆಯ `0` ಬಹಳ ಮುಖ್ಯ. ಹೆಸರು ಪೂರ್ತಿ ಹೊಂದಿದರೆ ಮಾತ್ರ ಕೊಡು ಎಂದು ಅದರ ಅರ್ಥ. ಅದನ್ನು ಬಿಟ್ಟರೆ ಪಕ್ಕದ ಯಾವುದೋ ಆಹಾರದ ಅಂಕಿ ಸದ್ದಿಲ್ಲದೆ ಬಂದು ಕೂರುತ್ತದೆ, ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. `E`ಯಲ್ಲಿ ಪ್ರೊಟೀನ್‌ಗೆ ಇದೇ ಸೂತ್ರ ಬರೆದು `Food!B:B` ಇದ್ದ ಕಡೆ `Food!C:C` ಹಾಕಿ.

ಹೆಸರು ಸಿಗದಿದ್ದರೆ `#N/A` ಎಂಬ ದೋಷ ಕಾಣಿಸುತ್ತದೆ. ಅದು ನೋಡಲು ಚೆನ್ನಾಗಿಲ್ಲ ಎಂದು ಹಲವರು `IFERROR` ಹಾಕಿ ಸೊನ್ನೆ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿಂದ ಊಟ ಸೊನ್ನೆ ಕ್ಯಾಲೊರಿ ಎಂದು ದಾಖಲಾಗುವುದಕ್ಕಿಂತ ಕಣ್ಣಿಗೆ ರಾಚುವ ದೋಷವೇ ಮೇಲು. ಹೆಸರು ತಪ್ಪದಂತೆ `Data Validation` ಬಳಸಿ, `B` ಕಾಲಂಗೆ `=Food!$A$2:$A$300` ಪಟ್ಟಿಯನ್ನು ಜೋಡಿಸಿ. ಆಗ ಟೈಪ್ ಮಾಡುವ ಬದಲು ಪಟ್ಟಿಯಿಂದ ಆರಿಸಬಹುದು. ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇದು ಇನ್ನೂ ಅಗತ್ಯ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಪದಗಳಲ್ಲಿ ಒಂದರ ಕೊನೆಗೆ ಖಾಲಿ ಜಾಗ ಸೇರಿಕೊಂಡಿದ್ದರೂ ಕಂಪ್ಯೂಟರಿಗೆ ಅವು ಬೇರೆ ಬೇರೆ.

ದಿನಾಂಕದ ತೊಂದರೆ ಇನ್ನೊಂದು. ಇಂದಿನ ದಿನಾಂಕಕ್ಕೆ `TODAY()` ಸೂತ್ರ ಹಾಕಬೇಡಿ. ನಾಳೆ ಅದು ನಾಳೆಯ ದಿನಾಂಕವಾಗುತ್ತದೆ, ಇವತ್ತಿನ ಊಟವೂ ಅದರ ಜೊತೆ ನಾಳೆಗೆ ಹೋಗುತ್ತದೆ. `NOW()` ಹಾಕಿದರೆ ಗಂಟೆ ನಿಮಿಷವೂ ಸೇರಿಕೊಂಡು ದಿನದ ಮೊತ್ತ ಹೊಂದುವುದಿಲ್ಲ. ಕೈಯಲ್ಲೇ ಬರೆಯಿರಿ. ಬರೆದದ್ದು ದಿನಾಂಕವೋ ಬರೀ ಅಕ್ಷರವೋ ಎಂಬ ಅನುಮಾನವಿದ್ದರೆ ಒಂದು ಖಾಲಿ ಸೆಲ್‌ನಲ್ಲಿ `=ISNUMBER(A2)` ಎಂದು ನೋಡಿ. `TRUE` ಬಂದರೆ ಸರಿ.

ಹಂತ 4: ಗುರಿ ಇಡುವುದು

ಮೊದಲ ಅಂದಾಜಿಗೆ ಮಿಫ್ಲಿನ್-ಸೇಂಟ್ ಜಿಯೋರ್ ಸಮೀಕರಣ ಸಾಕು. ಇದು 1990ರಲ್ಲಿ ಪ್ರಕಟವಾದದ್ದು. ಸುಮ್ಮನೆ ಮಲಗಿದ್ದರೂ ದೇಹಕ್ಕೆ ಖರ್ಚಾಗುವ ಕ್ಯಾಲೊರಿಯನ್ನು, ಅಂದರೆ ವಿಶ್ರಾಂತಿ ಖರ್ಚನ್ನು, ಇದು ಅಂದಾಜು ಮಾಡುತ್ತದೆ. ತೂಕ ಕಿಲೋದಲ್ಲಿ, ಎತ್ತರ ಸೆಂಟಿಮೀಟರ್‌ನಲ್ಲಿ ಇರಬೇಕು. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಹೆಂಗಸರಾದರೆ 161 ಕಳೆಯಿರಿ, ಗಂಡಸರಾದರೆ 5 ಕೂಡಿಸಿ.

38 ವರ್ಷದ, 160 ಸೆಂಟಿಮೀಟರ್ ಎತ್ತರದ, 72 ಕಿಲೋ ತೂಕದ ಮಹಿಳೆಯೊಬ್ಬರು ಎಂದುಕೊಳ್ಳಿ. 720 ಕೂಡಿಸು 1000, ಕಳೆ 190, ಕಳೆ 161. ಉತ್ತರ 1369. ಇದನ್ನು ಓಡಾಟದ ಪ್ರಮಾಣದಿಂದ ಗುಣಿಸಬೇಕು. ದಿನವಿಡೀ ಕೂತು ಕೆಲಸ ಮಾಡುವವರಿಗೆ 1.2, ಸ್ವಲ್ಪ ನಡಿಗೆ ವ್ಯಾಯಾಮ ಇದ್ದವರಿಗೆ 1.375. ಇವರು ಎರಡನೆಯದನ್ನು ಆರಿಸಿದರೆ ಸುಮಾರು 1880. ತೂಕ ಏರದೆ ಇಳಿಯದೆ ನಿಲ್ಲುವ ಅಂಕಿ ಇದು ಎಂದು ಸಮೀಕರಣ ಹೇಳುತ್ತದೆ. ಇಳಿಸಬೇಕೆಂದರೆ 400 ಕಳೆದು 1480 ಗುರಿ ಇಡಬಹುದು. ಪ್ರೊಟೀನ್ ಗುರಿಯನ್ನು ಕಿಲೋ ತೂಕಕ್ಕೆ 1.2 ಗ್ರಾಂನಂತೆ ಇಟ್ಟರೆ 86 ಗ್ರಾಂ ಆಗುತ್ತದೆ. ತೂಕ ಇಳಿಯುವಾಗ ಸ್ನಾಯು ಕರಗುವುದನ್ನು ಪ್ರೊಟೀನ್ ಕಡಿಮೆ ಮಾಡುತ್ತದೆ. ಆದ್ದರಿಂದ ಕ್ಯಾಲೊರಿ ಜೊತೆ ಇದೊಂದನ್ನು ಗಮನಿಸಿದರೆ ಶುರುವಿಗೆ ಸಾಕು. ದಿನಕ್ಕೆ 1200ಕ್ಕಿಂತ ಕೆಳಗಿನ ಗುರಿ ಮಾತ್ರ ವೈದ್ಯರ ನಿಗಾ ಇಲ್ಲದೆ ಬೇಡ.

1880 ಎಂಬುದು ಒಂದು ಊಹೆ ಅಷ್ಟೇ. ಒಂದೇ ವಯಸ್ಸು, ಒಂದೇ ತೂಕದ ಇಬ್ಬರಲ್ಲೇ ಖರ್ಚು ನೂರಾರು ಕ್ಯಾಲೊರಿ ವ್ಯತ್ಯಾಸವಾಗಬಹುದು. ನಿಜವಾದ ಅಂಕಿಯನ್ನು ಹಂತ 7ರಲ್ಲಿ ನಿಮ್ಮ ದಾಖಲೆಯೇ ಕೊಡುತ್ತದೆ.

ಹಂತ 5: ದಿನದ ಮೊತ್ತ ಮತ್ತು ತೂಕ

`Day` ಶೀಟ್‌ನಲ್ಲಿ ದಿನಕ್ಕೊಂದು ಸಾಲು. `A` ದಿನಾಂಕ, `B` ಬೆಳಗಿನ ತೂಕ, `C` ಒಟ್ಟು ಕ್ಯಾಲೊರಿ, `D` ಒಟ್ಟು ಪ್ರೊಟೀನ್, `E` ಗುರಿ, `F` ಪೂರ್ತಿ ಬರೆದ ದಿನವೇ ಎಂಬ ಗುರುತು. `C`ಗೆ:

```
=IF(COUNTIFS(Log!A:A,A2)=0,"",SUMIFS(Log!D:D,Log!A:A,A2))
```

`D`ಗೆ ಇದರಲ್ಲಿ `Log!D:D` ಬದಲು `Log!E:E` ಹಾಕಿ. ಏನೂ ಬರೆಯದ ದಿನ ಸೊನ್ನೆ ಬರದೆ ಖಾಲಿ ಉಳಿಯುವಂತೆ ಮಾಡುವುದೇ ಆ `IF` ಕೆಲಸ. ಸೊನ್ನೆ ಬಂದರೆ ನೀವು ಆ ದಿನ ಉಪವಾಸವಿದ್ದಿರಿ ಎಂದು ವಾರದ ಸರಾಸರಿ ಭಾವಿಸುತ್ತದೆ.

ಅರ್ಧ ಬರೆದ ದಿನ ಇನ್ನೂ ಮೋಸಗಾರ. ಬೆಳಿಗ್ಗೆ, ಮಧ್ಯಾಹ್ನ ಬರೆದು ರಾತ್ರಿಯದನ್ನು ಬಿಟ್ಟ ದಿನಕ್ಕೆ 900 ಕ್ಯಾಲೊರಿ ಎಂದು ಬೀಳುತ್ತದೆ. ಅದಕ್ಕೇ `F` ಕಾಲಂ. ಎಲ್ಲವನ್ನೂ ಬರೆದಿದ್ದೇನೆ ಎಂದು ನಿಮಗೆ ಖಾತ್ರಿ ಇದ್ದ ದಿನ ಮಾತ್ರ ಅಲ್ಲಿ `1` ಹಾಕಿ. ಆದರೆ ಹೆಚ್ಚು ತಿಂದ ದಿನವನ್ನು ಮಾತ್ರ ಆರಿಸಿ ಹೊರಗಿಡಬೇಡಿ, ಆಗ ಸರಾಸರಿ ಸುಳ್ಳಾಗುತ್ತದೆ. ಹೊರಗೆ ತಿಂದು ಅಳತೆ ಸಿಗದಿದ್ದರೆ ಅಂದಾಜು ಮಾಡಿ ಬರೆಯಿರಿ, ಸ್ವಲ್ಪ ಜಾಸ್ತಿಯೇ ಹಾಕಿ.

`E` ಕಾಲಂನಲ್ಲಿ ಗುರಿಯನ್ನು ಅಂಕಿಯಾಗಿಯೇ ಬರೆಯಿರಿ, ಬೇರೆ ಯಾವುದೋ ಸೆಲ್‌ಗೆ ಜೋಡಿಸಬೇಡಿ. ಜೋಡಿಸಿದರೆ ಮುಂದೆ ಗುರಿ ಬದಲಿಸಿದ ದಿನ ಹಿಂದಿನ ದಿನಗಳ ಗುರಿಯೂ ಬದಲಾಗಿ ಹಳೆಯ ದಾಖಲೆ ಕೆಡುತ್ತದೆ. ಇವತ್ತು ಇನ್ನೆಷ್ಟು ಉಳಿದಿದೆ ಎಂದು ನೋಡಲು `G`ಯಲ್ಲಿ `=IF(C2="","",E2-C2)`.

ತೂಕವನ್ನು ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಕುಡಿಯುವ ಮೊದಲು ನೋಡಿ. ಯಂತ್ರ ಗಟ್ಟಿ ನೆಲದ ಮೇಲೆ ಒಂದೇ ಜಾಗದಲ್ಲಿರಲಿ.

ಹಂತ 6: ವಾರದ ಸರಾಸರಿ ಮತ್ತು ಚಾರ್ಟ್

ಒಂದು ದಿನದ ತೂಕವನ್ನು ನಂಬಬೇಡಿ. ಉಪ್ಪು ಜಾಸ್ತಿಯಾದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆ ಕರುಳಲ್ಲಿ ಇರುವ ಆಹಾರಕ್ಕೂ ತೂಕವಿದೆ. ಹೀಗೆ ಒಂದು ಕಿಲೋ ಆಚೀಚೆ ಆಗುವುದು ಮಾಮೂಲು. ಕೊಬ್ಬು ಒಂದು ದಿನದಲ್ಲಿ ಕರಗುವುದು ಹತ್ತಾರು ಗ್ರಾಂ. ಒಂದು ಕಿಲೋದ ಏರಿಳಿತದಲ್ಲಿ ಅದು ಕಾಣಿಸುವುದಾದರೂ ಹೇಗೆ ಅಲ್ವಾ? ಏಳು ದಿನದ ಸರಾಸರಿ ತೆಗೆದರೆ ಈ ಗದ್ದಲ ಬಹಳಷ್ಟು ಅಡಗುತ್ತದೆ.

`Week` ಶೀಟ್‌ನ `A2`ರಲ್ಲಿ ಮೊದಲ ವಾರದ ಸೋಮವಾರದ ದಿನಾಂಕ, `A3`ರಲ್ಲಿ `=A2+7`, ಅದನ್ನೇ ಕೆಳಗೆ ಎಳೆಯಿರಿ. `B` ಸರಾಸರಿ ತೂಕ, `C` ಎಷ್ಟು ದಿನ ತೂಗಿದಿರಿ, `D` ಸರಾಸರಿ ಕ್ಯಾಲೊರಿ. ಕ್ರಮವಾಗಿ ಮೂರು ಸೂತ್ರಗಳು:

```
=IF(C2<4,NA(),AVERAGEIFS(Day!B:B,Day!A:A,">="&A2,Day!A:A,"<"&A2+7))
=COUNTIFS(Day!A:A,">="&A2,Day!A:A,"<"&A2+7,Day!B:B,">0")
=AVERAGEIFS(Day!C:C,Day!A:A,">="&A2,Day!A:A,"<"&A2+7,Day!F:F,1)
```

ವಾರದಲ್ಲಿ ನಾಲ್ಕು ದಿನವೂ ತೂಗದಿದ್ದರೆ ಆ ವಾರದ ಸರಾಸರಿ ಬೇಡ ಎಂದು ಮೊದಲ ಸೂತ್ರ ಹೇಳುತ್ತದೆ. `NA()` ಇರುವ ವಾರಕ್ಕೆ ಚಾರ್ಟ್ ಚುಕ್ಕಿ ಇಡುವುದಿಲ್ಲ. ಅಲ್ಲಿ ಸೊನ್ನೆ ಇದ್ದರೆ ಗೆರೆ ಪಾತಾಳಕ್ಕೆ ಬಿದ್ದು ಎದ್ದು ಬರುತ್ತಿತ್ತು.

ಈಗ `A` ಮತ್ತು `B` ಆರಿಸಿ ಗೆರೆ ಚಾರ್ಟ್ ಹಾಕಿ. ನಿಂತ ಅಕ್ಷದ ಕನಿಷ್ಠ, ಗರಿಷ್ಠ ಅಂಕಿಗಳನ್ನು ನೀವೇ ಕೊಡಿ. 72 ಕಿಲೋ ಇರುವವರು 66ರಿಂದ 74 ಇಡಬಹುದು. ಸೊನ್ನೆಯಿಂದ ಶುರುವಾದರೆ ಗೆರೆ ಮಟ್ಟಸವಾಗಿ ಕಾಣುತ್ತದೆ. ಚಾರ್ಟ್‌ಗೇ ಬಿಟ್ಟರೆ ಅದು 71.0ರಿಂದ 71.4ರವರೆಗೆ ಹಿಗ್ಗಿಸಿ 100 ಗ್ರಾಂ ಬದಲಾವಣೆಯನ್ನೂ ಬೆಟ್ಟದಂತೆ ತೋರಿಸಿಬಿಡಬಹುದು.

ಮುಟ್ಟಿನ ಚಕ್ರದ ಜೊತೆಗೆ ನೀರಿನ ತೂಕ ಏರಿಳಿಯುವವರು ಒಂದು ವಾರವನ್ನು ಹಿಂದಿನ ವಾರಕ್ಕೆ ಹೋಲಿಸಬಾರದು. ಚಕ್ರದ ಅದೇ ಹಂತದಲ್ಲಿದ್ದ ಹಿಂದಿನ ತಿಂಗಳ ವಾರಕ್ಕೆ ಹೋಲಿಸಬೇಕು.

ಹಂತ 7: ಚಾರ್ಟ್‌ನಿಂದ ನಿಮ್ಮ ನಿಜವಾದ ಖರ್ಚು ಕಂಡುಹಿಡಿಯುವುದು

ಮೇಲಿನ ಮಹಿಳೆಯ ಐದು ವಾರದ ಸರಾಸರಿ ತೂಕ ಹೀಗಿದೆ ಎನ್ನೋಣ: 72.3, 71.6, 71.4, 71.3, 71.1. ಸರಾಸರಿ ಊಟ ದಿನಕ್ಕೆ 1500 ಕ್ಯಾಲೊರಿ.

ಮೊದಲ ವಾರವನ್ನು ಬಿಟ್ಟುಬಿಡಿ. ಊಟ ಕಡಿಮೆ ಮಾಡಿದ ಕೂಡಲೇ ದೇಹದಲ್ಲಿ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಕಡಿಮೆಯಾಗುತ್ತದೆ. ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಶುರುವಿನ 700 ಗ್ರಾಂ ಇಳಿಕೆಯಲ್ಲಿ ಹೆಚ್ಚಿನದು ಅದೇ. ಎರಡನೇ ವಾರದಿಂದ ಐದನೇ ವಾರಕ್ಕೆ ಇಳಿದದ್ದು 0.5 ಕಿಲೋ, 21 ದಿನದಲ್ಲಿ.

ಒಂದು ಕಿಲೋ ದೇಹದ ಕೊಬ್ಬಿಗೆ ಸುಮಾರು 7700 ಕ್ಯಾಲೊರಿ ಎಂಬುದು ರೂಢಿಯ ಲೆಕ್ಕ. ಅರ್ಧ ಕಿಲೋಗೆ 3850. ಅದನ್ನು 21ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 180. ಅಂದರೆ ಇವರ ದಾಖಲೆಯ ಪ್ರಕಾರ ದಿನದ ಖರ್ಚು 1500 ಕೂಡಿಸು 180, ಒಟ್ಟು 1680. ಸಮೀಕರಣ ಹೇಳಿದ್ದು 1880. ಇನ್ನೂರು ಕ್ಯಾಲೊರಿ ಎಲ್ಲಿ ಹೋಯಿತು?

ಎರಡೇ ಸಾಧ್ಯತೆ. ಸಮೀಕರಣ ಇವರಿಗೆ ಜಾಸ್ತಿ ಹೇಳಿರಬಹುದು, ಇಲ್ಲವೇ ದಿನಾ 200 ಕ್ಯಾಲೊರಿ ದಾಖಲೆಯಿಂದ ತಪ್ಪಿಸಿಕೊಳ್ಳುತ್ತಿರಬಹುದು. ಕೂಡಲೇ ಗುರಿ ಇಳಿಸಬೇಡಿ. ಮೊದಲು ಸೋರಿಕೆ ಹುಡುಕಿ. ಒಂದು ವಾರ ಎಣ್ಣೆ, ಹಾಲು, ಸಕ್ಕರೆ, ಅಡುಗೆ ಮಾಡುವಾಗ ಬಾಯಿಗೆ ಹಾಕಿಕೊಂಡದ್ದು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು ಎಲ್ಲವನ್ನೂ ತೂಗಿ. ದಿನಕ್ಕೆ 25 ಗ್ರಾಂ ಎಣ್ಣೆ ಲೆಕ್ಕಕ್ಕೆ ಬರದಿದ್ದರೆ ಅದೇ 221 ಕ್ಯಾಲೊರಿ. ಆ ಅಂತರ ಅಲ್ಲೇ ಮುಚ್ಚುತ್ತದೆ.

ಸೋರಿಕೆ ಸಿಕ್ಕರೆ 1480ರ ಗುರಿ ಹಾಗೇ ಇರಲಿ, ಎಣ್ಣೆಯನ್ನೂ ಅದರೊಳಗೆ ತನ್ನಿ. ಆಗ ವಾರಕ್ಕೆ 350 ಗ್ರಾಂನಷ್ಟು ಇಳಿಯಬೇಕು. ಆದರೆ ಎಣ್ಣೆ ಬಿಟ್ಟು ಬರೆದ ಹಳೆಯ ವಾರಗಳನ್ನೂ ಎಣ್ಣೆ ಸೇರಿಸಿದ ಹೊಸ ವಾರಗಳನ್ನೂ ಒಂದೇ ಲೆಕ್ಕದಲ್ಲಿ ಬೆರೆಸಬೇಡಿ. ಅವುಗಳ ಅಳತೆಗೋಲೇ ಬೇರೆ. ಸೋರಿಕೆ ಸಿಗದಿದ್ದರೆ 1680ನ್ನೇ ನಂಬಿ. ಅದರಿಂದ 250 ಕಳೆದು 1430 ಇಡಿ, ವಾರಕ್ಕೆ 200 ಗ್ರಾಂಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. ನಿಧಾನ, ಆದರೆ 1369ರ ವಿಶ್ರಾಂತಿ ಖರ್ಚಿಗಿಂತ ಕೆಳಗಿಳಿಯುವುದಕ್ಕಿಂತ ನನಗೆ ಇದೇ ಸರಿ ಅನ್ನಿಸುತ್ತದೆ.

ಈ ಅಂಕಿಗೂ ಮಿತಿ ಇದೆ. ಸರಾಸರಿ ತೂಕಗಳ ವ್ಯತ್ಯಾಸದಲ್ಲಿ 200 ಗ್ರಾಂ ತಪ್ಪು ನುಸುಳಿದರೂ ಉತ್ತರ ದಿನಕ್ಕೆ 70 ಕ್ಯಾಲೊರಿಗಿಂತ ಹೆಚ್ಚು ಅತ್ತಿತ್ತ ಹೋಗುತ್ತದೆ. ಆದ್ದರಿಂದ ಮೂರು ವಾರಕ್ಕಿಂತ ಕಡಿಮೆ ದಾಖಲೆಯಿಂದ ಈ ಲೆಕ್ಕ ಮಾಡಬೇಡಿ. 50 ಕ್ಯಾಲೊರಿಯ ವ್ಯತ್ಯಾಸ ಕಂಡು ಗುರಿ ತಿದ್ದಲೂ ಬೇಡಿ. ತೂಕ ನಾಲ್ಕೈದು ಕಿಲೋ ಇಳಿದ ಮೇಲೆ ಹಗುರವಾದ ದೇಹಕ್ಕೆ ಖರ್ಚೂ ಕಡಿಮೆಯಾಗಿರುತ್ತದೆ. ಆಗ ಕೊನೆಯ ನಾಲ್ಕು ವಾರಗಳನ್ನು ಮಾತ್ರ ತೆಗೆದುಕೊಂಡು ಇದೇ ಲೆಕ್ಕವನ್ನು ಹೊಸದಾಗಿ ಮಾಡಿ, `Day` ಶೀಟ್‌ನಲ್ಲಿ ಆ ದಿನದಿಂದ ಮುಂದಕ್ಕೆ ಹೊಸ ಗುರಿ ಬರೆಯಿರಿ.